ಹತ್ತಡಿ ಮಳಿಗೆಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಯಾವ ಗೋಡೆ?

ಪುಸ್ತಕ ಮೇಳದ ಮಾಮೂಲಿ ಮಳಿಗೆ 10 ಅಡಿ ಉದ್ದ, 10 ಅಡಿ ಅಗಲ. ಮೂರು ಕಡೆ ಗೋಡೆ, ಮುಂದೆ ಬಯಲು, ನೆತ್ತಿಯಲ್ಲಿ ಪ್ರಕಾಶನದ ಹೆಸರಿನ ಪಟ್ಟಿ. ಹೊಸ ಪುಸ್ತಕದ ದೊಡ್ಡ ಫ್ಲೆಕ್ಸು ಬಹುಪಾಲು ಹಿಂಗೋಡೆಗೇ ಹೋಗುತ್ತದೆ. ನಡೆದು ಬರುವವರಿಗೆ ಅದು ಎಷ್ಟು ತಡವಾಗಿ ಕಾಣುತ್ತದೆಂದು ಹಾಳೆಯ ಮೇಲೊಂದು ನಕ್ಷೆ ಬರೆದು ಲೆಕ್ಕ ಹಾಕಬಹುದು.

ಮಳಿಗೆಯ ಮುಂದಿನ ದಾರಿಯೂ 10 ಅಡಿ ಅಗಲವಿದ್ದು, ಜನ ಅದರ ನಡುವೆ ಎಡದಿಂದ ಬರುತ್ತಿದ್ದಾರೆ ಎನ್ನಿ. ಮಳಿಗೆಗೆ ಇನ್ನೂ 10 ಅಡಿ ಇರುವಾಗ ಅವರ ಕಣ್ಣಿನಿಂದ ಎಡಗೋಡೆಯ ಅಂಚನ್ನು ತಾಗಿಸಿ ಒಂದು ಗೆರೆ ಎಳೆಯಿರಿ. ಅದು ಮುಟ್ಟುವುದು ಬಲಗೋಡೆಯನ್ನು, ಅದೂ ಅರ್ಧದವರೆಗೆ. ಹಿಂಗೋಡೆಯ ಮೂಲೆ ಇಣುಕಲು ಶುರುವಾಗುವುದು 5 ಅಡಿ ಹತ್ತಿರ ಬಂದ ಮೇಲೆ. ಎಡಗೋಡೆಯಂತೂ ಮಳಿಗೆಯ ಎದುರಿಗೆ ಬರುವವರೆಗೆ ಕಾಣುವುದೇ ಇಲ್ಲ. ಸಹಜ ನಡಿಗೆಯಲ್ಲಿ 10 ಅಡಿ ದಾಟಲು ಎರಡೂವರೆ ಸೆಕೆಂಡು ಸಾಕು. ಹಾಗಾಗಿ ದೊಡ್ಡ ಚಿತ್ರ ಬಲಗೋಡೆಯ ಮುಂಭಾಗಕ್ಕೆ ಬರಬೇಕು. ನೆತ್ತಿಯ ಪಟ್ಟಿಯೂ ದಾರಿಗೆ ಸಮಾನಾಂತರವಾಗಿರುವುದರಿಂದ ಬದಿಯಿಂದ ಬರುವವರಿಗೆ ಓದಲಾಗದು. ಜನ ಹೆಚ್ಚಾಗಿ ಯಾವ ಕಡೆಯಿಂದ ಬರುತ್ತಾರೆಂಬುದು ಪ್ರವೇಶದ್ವಾರ, ಊಟದ ಜಾಗ, ವೇದಿಕೆ ಎಲ್ಲಿವೆ ಎಂಬುದರ ಮೇಲಿದೆ. ಆಯೋಜಕರಿಂದ ಮೇಳದ ನಕ್ಷೆ ಕೇಳಿ ಪಡೆಯಿರಿ.

ಎತ್ತರವೂ ಮುಖ್ಯ. ಸೊಂಟಕ್ಕಿಂತ ಕೆಳಗಿಟ್ಟದ್ದು ಇಬ್ಬರು ಗ್ರಾಹಕರು ನಿಂತರೆ ಮರೆಯಾಗುತ್ತದೆ. ದೂರದಿಂದ ಕಾಣಬೇಕಾದದ್ದು ತಲೆಗಳಿಗಿಂತ ಮೇಲೆ, ಸುಮಾರು ಆರಡಿಯ ಆಚೆ ಇರಲಿ. ಒಂದಂಗುಲದ ಅಕ್ಷರ 10 ಅಡಿಯಿಂದ ಸರಾಗವಾಗಿ ಓದಿಸಿಕೊಳ್ಳುತ್ತದೆ ಎಂಬ ಅಂದಾಜು ಇಟ್ಟುಕೊಳ್ಳಬಹುದು. ಒತ್ತಕ್ಷರ ಹೆಚ್ಚಿದ್ದರೆ ಇನ್ನೂ ದೊಡ್ಡದು ಬೇಕು.

ಕಣ್ಣು ಮೊದಲು ಏನನ್ನು ಹಿಡಿಯುತ್ತದೆಂದು ನೋಡಲು, ಜನ ಬರುವ ದಿಕ್ಕಿನಿಂದ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಹೆಬ್ಬೆರಳಿನ ಉಗುರಿನಷ್ಟು ಕಿರಿದಾಗಿಸಿ. ಆಗಲೂ ಉಳಿಯುವುದೇ ಮೊದಲು ಕಾಣುವುದು. ಎಷ್ಟೋ ಸಲ ಅದು ಪುಸ್ತಕವಲ್ಲ, ಬಿಳಿ ಪ್ಲಾಸ್ಟಿಕ್ ಕುರ್ಚಿ ಅಥವಾ ಕಂದು ರಟ್ಟಿನ ಪೆಟ್ಟಿಗೆ! 'ರಿಯಾಯಿತಿ' ಫಲಕಗಳನ್ನು ನಾಲ್ಕು ಕಡೆ ಹಾಕಿದರೆ ಒಂದೂ ನಿಲ್ಲುವುದಿಲ್ಲ.

ಕಂಡದ್ದಾಯಿತು, ಒಳಗೆ ಬರಬೇಕಲ್ಲ? ಮುಂಭಾಗಕ್ಕೆ ಅಡ್ಡಲಾಗಿ ಮೇಜು ಹಾಕಿ ಅದರ ಹಿಂದೆ ಕೂತರೆ ಮಳಿಗೆ ಟಿಕೆಟ್ ಕೌಂಟರಿನಂತಾಗುತ್ತದೆ. ಮುಂದೆ ಮೂವರು ನಿಂತರೆ ನಾಲ್ಕನೆಯವರಿಗೆ ಜಾಗವಿಲ್ಲ. ಮೇಜನ್ನು ಎಡಗೋಡೆಗೆ ಒತ್ತಿ, ಬಿಲ್ಲು ಹಾಕುವುದನ್ನು ಅದೇ ಬದಿಯ ಒಳಮೂಲೆಗೆ ಒಯ್ಯಿರಿ. ನಡುವಿನ ದಾರಿ ನಾಲ್ಕಡಿಗಿಂತ ಕಿರಿದಾಗಬಾರದು. ಅಮೆರಿಕದ ಪ್ಯಾಕೊ ಅಂಡರ್‌ಹಿಲ್ ಅಂಗಡಿಗಳಲ್ಲಿ ಕಂಡುಕೊಂಡದ್ದನ್ನು 1999ರಲ್ಲಿ ಬರೆದರು: ಬೆನ್ನಿಗೆ ಯಾರಾದರೂ ತಾಗುತ್ತಿದ್ದರೆ ಗ್ರಾಹಕರು ಕೈಯಲ್ಲಿದ್ದ ವಸ್ತುವನ್ನು ಇಟ್ಟು ಹೊರಡುತ್ತಾರೆ. ಬಗ್ಗಿ ಪುಟ ತಿರುವುವವರಿಗೆ ಇದು ಇನ್ನೂ ಬೇಗ ತಾಗುತ್ತದೆ.

ಮೇಳ ಶುರುವಾದ ಮೇಲೆ ಹತ್ತು ನಿಮಿಷ ಎದುರುಬದಿಯಲ್ಲಿ ನಿಂತು ಎಣಿಸಿ: ಎಷ್ಟು ಜನ ಹಾದುಹೋದರು, ಎಷ್ಟು ಜನ ನಡಿಗೆ ನಿಧಾನಿಸಿದರು, ಎಷ್ಟು ಜನ ಒಳಗೆ ಬಂದರು. ಯಾರೂ ನಿಧಾನಿಸದಿದ್ದರೆ ತಪ್ಪು ಗೋಡೆಯಲ್ಲಿದೆ. ನಿಧಾನಿಸಿಯೂ ಒಳಗೆ ಬಾರದಿದ್ದರೆ ಮೇಜನ್ನೋ, ಬಾಗಿಲಲ್ಲೇ ನಿಂತ ನಿಮ್ಮವರನ್ನೋ ಸರಿಸಬೇಕು. ಈ ಎಣಿಕೆಯನ್ನು ಮೊದಲ ದಿನ ಮಧ್ಯಾಹ್ನವೇ ಮುಗಿಸಿ. ಸಂಜೆಯ ಜನಸಂದಣಿಯಲ್ಲಿ ಮೇಜು ಎತ್ತಿಡಲಾಗದು.