ಆಸ್ಪತ್ರೆಯಲ್ಲಿ ಹಿರಿಯರಿಗೆ ಬರುವ ಸನ್ನಿ

ಆಸ್ಪತ್ರೆ ಸೇರಿದ ಹಿರಿಯರು ಎರಡು ಮೂರು ದಿನಗಳಲ್ಲಿ ಅಸಂಬದ್ಧವಾಗಿ ಮಾತನಾಡತೊಡಗಿದರೆ, ‘ಅರಳುಮರಳು ಬಂದಿತು’ ಎಂದು ಮನೆಯವರು ಕೈಚೆಲ್ಲುವುದನ್ನು ನಾವು ಹಲವೆಡೆ ಕಂಡಿದ್ದೇವೆ. ಹಿಂದಿನವರು ಇದನ್ನು ಸನ್ನಿ ಎನ್ನುತ್ತಿದ್ದರು. ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಮರೆವಿನ ರೋಗವಾದ ಡಿಮೆನ್ಷಿಯಾ ಬೇರೆ, ಇದು ಬೇರೆ.

ನಮಗೆ ಪರಿಚಿತವಾದ ಮನೆತನವೊಂದರ 78 ವರ್ಷದ ತಾಯಿಯವರು ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾದ ಎರಡನೆಯ ರಾತ್ರಿ ಸಲೈನಿನ ನಳಿಗೆಯನ್ನು ಕಿತ್ತರು, ಹಿತ್ತಲಿನಲ್ಲಿ ದನ ಬಿಚ್ಚಿಕೊಂಡಿವೆಯೆಂದು ಕೂಗಿದರು. ಬೆಳಗ್ಗೆ ತಿಳಿಯಾದರು, ಸಂಜೆಗೆ ಮತ್ತೆ ಅದೇ. “ಮೊನ್ನೆಯವರೆಗೂ ಮನೆಯ ಹಾಲಿನ ಲೆಕ್ಕವೆಲ್ಲ ಅತ್ತೆಯವರದೇ ಆಗಿತ್ತು” ಎಂದು ಸೊಸೆ ಹೇಳಿದ ಮಾತೇ ವೈದ್ಯರಿಗೆ ದಾರಿ ತೋರಿತು. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರೆ ಎರಡಕ್ಕೇ ನಿಂತರು, ಗಮನ ನಿಲ್ಲುತ್ತಿರಲಿಲ್ಲ. ಪರೀಕ್ಷಿಸಿದಾಗ ಮೂತ್ರ ಕಟ್ಟಿತ್ತು, ನಾಲ್ಕು ದಿನಗಳಿಂದ ಮಲವಿಸರ್ಜನೆಯಾಗಿರಲಿಲ್ಲ, ರಾತ್ರಿ ನಿದ್ರೆಮಾತ್ರೆಯನ್ನೂ ಕೊಡಲಾಗಿತ್ತು, ಕನ್ನಡಕ ಮನೆಯಲ್ಲೇ ಉಳಿದಿತ್ತು. ಇವುಗಳನ್ನು ಸರಿಪಡಿಸಿದ ಮೇಲೆ ಐದಾರು ದಿನಗಳಲ್ಲಿ ಅವರು ಬಹುಮಟ್ಟಿಗೆ ಮೊದಲಿನಂತಾದರು.

ಡಿಮೆನ್ಷಿಯಾ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬೆಳೆಯುತ್ತದೆ. ಸನ್ನಿ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಬಂದು, ಒಂದೇ ದಿನದೊಳಗೆ ಏರಿಳಿಯುತ್ತದೆ. ಅದರ ಮೂಲ ಸೋಂಕು, ನೀರಿನ ಕೊರತೆ, ನೋವು, ಔಷಧಿ ಮುಂತಾದ ದೇಹದ ತೊಂದರೆಗಳಲ್ಲಿರುತ್ತದೆ. ಮರೆವಿನ ರೋಗವಿದ್ದವರಿಗೆ ಇದು ಇನ್ನೂ ಸುಲಭವಾಗಿ ಬರುವುದರಿಂದ, ಅವರಲ್ಲಿಯೂ ಹಠಾತ್ ಬದಲಾವಣೆಯನ್ನು ಕಡೆಗಣಿಸಬಾರದು. ಕೂಗಾಟವಿಲ್ಲದ ಸನ್ನಿಯೂ ಉಂಟು. ಅಂಥವರು ಹಗಲೆಲ್ಲ ಮಂಕಾಗಿ ಮಲಗಿರುತ್ತಾರೆ, ಉಣ್ಣುವುದಿಲ್ಲ. ‘ಪಾಪ, ಏನೂ ತೊಂದರೆ ಕೊಡುವುದಿಲ್ಲ’ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಕಣ್ತಪ್ಪುವುದು ಹೆಚ್ಚಾಗಿ ಇದೇ.

ಮನೆಯವರಲ್ಲಿ ಪರಿಚಿತ ಮುಖವೊಂದು ಸರದಿಯಂತೆ, ವಿಶೇಷವಾಗಿ ಇರುಳಿನಲ್ಲಿ, ಬಳಿಯಲ್ಲಿರಲಿ. ಕನ್ನಡಕ, ಕಿವಿಯ ಯಂತ್ರ, ಕಟ್ಟಿಸಿದ ಹಲ್ಲು ಇವುಗಳನ್ನು ಕೂಡಲೇ ತಂದುಕೊಡಬೇಕು. “ಅವ್ವಾ, ಇದು ಆಸ್ಪತ್ರೆ, ಇಂದು ಸೋಮವಾರ, ನಾನು ನಿನ್ನ ಮಗ” ಎಂದು ಚಿಕ್ಕ ಮಾತುಗಳಲ್ಲಿ ತಿಳಿಸಬೇಕು; ದನಗಳಿಲ್ಲವೆಂದು ವಾದಿಸಿ ಫಲವಿಲ್ಲ. ನಿತ್ಯದ ವಿಭೂತಿ, ಲಿಂಗಪೂಜೆಯ ಹೊತ್ತು ತಪ್ಪದಿದ್ದರೆ ಬೆಳಗಾಯಿತೆಂಬ ಅರಿವು ತಾನಾಗಿ ಮೂಡುತ್ತದೆ. ಹಗಲು ಕಿಟಕಿ ತೆರೆದಿರಲಿ, ರಾತ್ರಿ ದೀಪ ಮಂದವಾಗಿರಲಿ. ವೈದ್ಯರು ಒಪ್ಪಿದರೆ ಎಬ್ಬಿಸಿ ಕೂರಿಸಿ, ಸರಿಯಾಗಿ ಎಚ್ಚರವಿದ್ದಾಗ ಮಾತ್ರ ಗುಟುಕು ಗುಟುಕಾಗಿ ನೀರು ಕುಡಿಸಬೇಕು. ಕೈ ಕಟ್ಟಿಹಾಕಿದರೆ ತಳಮಳ ಹೆಚ್ಚುತ್ತದೆ.

ಮನೆಯಲ್ಲಿ ನುಂಗುತ್ತಿದ್ದ ಎಲ್ಲ ಮಾತ್ರೆಗಳನ್ನೂ, ನೆಗಡಿಯ ಗುಳಿಗೆಯನ್ನು ಸಹ, ವೈದ್ಯರಿಗೆ ತೋರಿಸಬೇಕು. ಮದ್ಯದ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡಬಾರದು. ನಮ್ಮ ಮನೆಗಳಲ್ಲಿ ಹೇಳಲು ನಾಚಿಕೆ ನಿಜ. ಆದರೆ ಕುಡಿತ ಒಮ್ಮೆಲೇ ನಿಂತಾಗ ಬರುವ ಸನ್ನಿ ಪ್ರಾಣಾಪಾಯಕರ, ಅದರ ಚಿಕಿತ್ಸೆಯೂ ಬೇರೆ.

ಕೆಲವರಿಗೆ ಗುಣವಾಗಲು ವಾರಗಳು ಬೇಕು, ಕೆಲವರು ಪೂರ್ತಿ ಮೊದಲಿನಂತಾಗುವುದೂ ಇಲ್ಲ. ಆದ್ದರಿಂದ ಡಿಮೆನ್ಷಿಯಾ ಉಂಟೋ ಇಲ್ಲವೋ ಎಂಬ ನಿರ್ಣಯವನ್ನು ಸನ್ನಿ ಇಳಿದು ಕೆಲವು ತಿಂಗಳಾದ ಮೇಲೆ ಮಾಡಿಸುವುದು ಲೇಸು. ಆಸ್ತಿಪತ್ರಕ್ಕೆ ಸಹಿ ಹಾಕಿಸುವ ಕೆಲಸವೂ ಬುದ್ಧಿ ತಿಳಿಯಾಗುವವರೆಗೆ ಕಾಯಲಿ.