ಹನ್ನೊಂದನೇ ಸಾಲು ಮೊದಲನೆಯದಾದಾಗ

ಕಳೆದ ಚಳಿಗಾಲದಲ್ಲಿ ರಜೆಗೆಂದು ಊರಿಗೆ ಹೋಗಿದ್ದೆ. ಬಚ್ಚಲುಮನೆಯಲ್ಲಿ ಬಕೆಟ್‌ಗೆ ಹೀಟರ್ ರಾಡ್ ಇಳಿಬಿಟ್ಟಿತ್ತು. ನೀರು ಕಾದಿದೆಯೇ ಎಂದು ನೋಡಲು ಅಮ್ಮ ಬೆರಳು ಅದ್ದಲು ಹೊರಟಿದ್ದಳು. ನಾನು ಕೂಗಿಕೊಂಡೆ. ‘ಸ್ವಿಚ್ ಆರಿಸಿದ್ದೀನಲ್ಲೋ’ ಎಂದಳು. ನೋಡಿದರೆ ಆರಿದ್ದು ಪಕ್ಕದ ಲೈಟಿನ ಸ್ವಿಚ್!

ರಾಡ್ ಜೊತೆ ಬಂದಿದ್ದ ಕೈಪಿಡಿ ಹುಡುಕಿ ತೆಗೆದೆ. ಅದರಲ್ಲಿ ಹದಿನಾಲ್ಕು ಸೂಚನೆಗಳಿದ್ದವು. ಮೊದಲನೆಯದು ಬಿಲ್ಲನ್ನು ಜೋಪಾನವಾಗಿಡಿ ಎಂಬುದು. ಹನ್ನೊಂದನೆಯದು ಹೀಗಿತ್ತು: ‘ನೀರಿನ ಉಷ್ಣತೆಯನ್ನು ಪರೀಕ್ಷಿಸುವ ಮುನ್ನ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸತಕ್ಕದ್ದು.’ ಜೀವ ಉಳಿಸುವ ಮಾತು ಇದೊಂದೇ. ಅದೇ ಯಾರೂ ಓದದ ಜಾಗದಲ್ಲಿತ್ತು.

ಆ ಹಾಳೆಯನ್ನು ತಿದ್ದಲು ಕುಳಿತೆ. ಮೊದಲು ಪ್ರತಿ ಸೂಚನೆಗೂ ಒಂದೇ ಪ್ರಶ್ನೆ ಹಾಕಿದೆ: ಇದನ್ನು ಮೀರಿದರೆ ಏನಾಗುತ್ತದೆ? ರಾಡ್ ಮೇಲೆ ಉಪ್ಪು ಕಟ್ಟಿದರೆ ನೀರು ಕಾಯುವುದು ತಡವಾಗುತ್ತದೆ, ಅದು ಕೊನೆಗೆ ಹೋಯಿತು. ನೀರಿಲ್ಲದೆ ಉರಿದರೆ ರಾಡ್ ಸುಟ್ಟು ಬೆಂಕಿ ಹತ್ತಬಹುದು, ಅದು ಎರಡನೆಯದಾಯಿತು. ರಾಡ್‌ಗೆ ಕರೆಂಟ್ ಹರಿಯುವಾಗ ನೀರು ಮುಟ್ಟಿದರೆ ಜೀವವೇ ಹೋಗಬಹುದು. ಮೇಲಾಗಿ, ನೀರಿಗೆ ಕರೆಂಟ್ ಬಂದಿರುವುದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಅದಕ್ಕೇ ಮೊದಲ ಸ್ಥಾನ.

ಇನ್ನು ಮಾತು. ‘ನೀರು ಮುಟ್ಟುವ ಮುನ್ನ ಸ್ವಿಚ್ ಆರಿಸಿ’ ಎಂದು ಬರೆದೆ. ಆದರೆ ಅಮ್ಮ ಮಾಡಿದ್ದೂ ಅದನ್ನೇ ಅಲ್ಲವೇ? ಇನ್ನೊಂದು ತೊಡಕೂ ಇದೆ. ಕೆಲವು ಮನೆಗಳ ವೈರಿಂಗ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿರುತ್ತವೆ. ಅಲ್ಲಿ ಸ್ವಿಚ್ ಆರಿಸಿದರೂ ಫೇಸ್ ರಾಡ್‌ವರೆಗೆ ಬಂದೇ ಇರುತ್ತದೆ. ಪ್ಲಗ್ ಹಾಗಲ್ಲ. ಕಿತ್ತು ಕೈಯಲ್ಲಿ ಹಿಡಿದರೆ ಅನುಮಾನಕ್ಕೆ ಎಡೆಯೇ ಇಲ್ಲ. ಕೊನೆಗೆ ಹೀಗೆ ತಿದ್ದಿದೆ:

‘ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಪ್ಲಗ್ ಸಾಕೆಟ್‌ನಲ್ಲಿದ್ದಾಗ ನೀರು, ಬಕೆಟ್, ರಾಡ್ ಯಾವುದನ್ನು ಮುಟ್ಟಿದರೂ ಶಾಕ್ ಹೊಡೆದು ಸಾಯಬಹುದು.’

ಹಾಸ್ಟೆಲ್‌ಗೆ ಮರಳಿದ ಮೇಲೆ ಎರಡೂ ಹಾಳೆಗಳನ್ನು ಗೆಳೆಯರಿಗೆ ತೋರಿಸಿದೆ. ಹತ್ತು ಸೆಕೆಂಡ್ ಓದಲು ಬಿಟ್ಟು, ಹಾಳೆ ಕಿತ್ತುಕೊಂಡು, ‘ನೀರು ಕಾದಿದೆಯಾ ಅಂತ ಹೇಗೆ ನೋಡ್ತೀಯ?’ ಎಂದು ಕೇಳಿದೆ. ಹಳೆಯದನ್ನು ಓದಿದವನು ‘ಬೆರಳಿಟ್ಟು’ ಎಂದ. ಹೊಸದನ್ನು ಓದಿದವನು ‘ಪ್ಲಗ್ ಕಿತ್ತು’ ಎಂದ. ಇಬ್ಬರ ಉತ್ತರ ದೊಡ್ಡ ಪುರಾವೆಯೇನಲ್ಲ. ಆದರೆ ತಿದ್ದಿದ್ದು ಅರ್ಥವಾಯಿತೇ ಎಂದು ತಿಳಿಯಲು, ಬರೆಯದವನನ್ನೇ ಕೇಳಬೇಕು.

ಒಂದು ಮಿತಿಯಂತೂ ಇದೆ. ಅರ್ಥಿಂಗ್ ಇಲ್ಲದ ಸಾಕೆಟ್ಟನ್ನು ಯಾವ ವಾಕ್ಯವೂ ಸರಿ ಮಾಡದು, ಅದಕ್ಕೆ ಎಲೆಕ್ಟ್ರಿಷಿಯನ್ನೇ ಬೇಕು. ಕೈಪಿಡಿಯೂ ಡಬ್ಬದ ಜೊತೆ ಅಟ್ಟ ಸೇರುತ್ತದೆ. ಅದಕ್ಕೇ ಆ ಎರಡು ಸಾಲುಗಳನ್ನು ದಪ್ಪಕ್ಷರದಲ್ಲಿ ಬರೆದು, ಪ್ಲಗ್ ಪಕ್ಕದ ವೈರಿಗೆ ಕಟ್ಟಿ ಬಂದಿದ್ದೇನೆ. ಮೊನ್ನೆ ಫೋನ್ ಮಾಡಿದಾಗ ಅಮ್ಮ ತಾನಾಗಿಯೇ ಹೇಳಿದಳು, ‘ಪ್ಲಗ್ ಕಿತ್ತೇ ಮುಟ್ಟಿದೆ ಕಣೋ.’