ಎಂಸಿವಿ ಸರಿ ಇದ್ದರೂ ಆರ್‌ಡಿಡಬ್ಲ್ಯೂ ಯಾಕೆ ನೋಡಬೇಕು?

ಎಂಸಿವಿ ಅಂದರೆ ಕೆಂಪು ರಕ್ತಕಣಗಳ ಸರಾಸರಿ ಗಾತ್ರ. ವಯಸ್ಕರಲ್ಲಿ ಅದು 80 ಫೆಮ್ಟೊಲೀಟರ್‌ಗಿಂತ ಕಡಿಮೆ ಇದ್ದರೆ ಸಣ್ಣ ಕಣದ ರಕ್ತಹೀನತೆ, 100 ದಾಟಿದರೆ ದೊಡ್ಡ ಕಣದ್ದು, ನಡುವೆ ಇದ್ದರೆ ಸಾಮಾನ್ಯ ಗಾತ್ರದ್ದು. ಆದರೆ ಸರಾಸರಿ ಮೋಸ ಮಾಡ್ತದ.

ಜತ್ತ ತಾಲೂಕಿನ ಸೊರಡಿಯಿಂದ ಒಬ್ಬ ಹೆಣ್ಣುಮಗಳು ಬಂದಳು ಅಂತ ಇಟ್ಕೊಳ್ರಿ: ಹಿಮೋಗ್ಲೋಬಿನ್ 8.5, ಎಂಸಿವಿ 88, ಆರ್‌ಡಿಡಬ್ಲ್ಯೂ ಶೇ. 21. ಎಂಸಿವಿ ಒಂದನ್ನೇ ನೋಡಿದರೆ ಗಾತ್ರ ಸಾಮಾನ್ಯ. ಆರ್‌ಡಿಡಬ್ಲ್ಯೂ ಮಾತ್ರ ಗಾತ್ರದ ಏರುಪೇರು ತೋರಸ್ತದ, ಸುಮಾರು 14.5 ಮೀರಿದರೆ ಅದು ಹೆಚ್ಚು. ಕಬ್ಬಿಣದ ಕೊರತೆಯ ಸಣ್ಣ ಕಣಗಳೂ ಬಿ12 ಅಥವಾ ಫೋಲೇಟ್ ಕೊರತೆಯ ದೊಡ್ಡ ಕಣಗಳೂ ಬೆರೆತು ಸರಾಸರಿ ನಡುವೆ ನಿಂತಿರಬಹುದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲೂ ಹೀಗೇ ಕಾಣಬಹುದು, ಅದನ್ನ ಮೊದಲು ಕೇಳ್ರಿ. ಆಮೇಲೆ ರಕ್ತಲೇಪನ ನೋಡಿ ಫೆರಿಟಿನ್, ಬಿ12, ಫೋಲೇಟ್ ಅಳೆಯಬೇಕು. ಬರೀ ಕಬ್ಬಿಣ ಕೊಟ್ಟರೆ ಇನ್ನೊಂದು ಕೊರತೆ ಹಾಗೇ ಉಳೀತದ.